ಹೇಲಿ ಯಾಕೆ ಕುಣಿಯಲು ಒಪ್ಪಲಿಲ್ಲ: 55 ಪಾಯಿಂಟಿನ ಕತೆ

ಮೇ ತಿಂಗಳಲ್ಲಿ ವಿಜಯಪುರದಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರುವುದಿಲ್ಲ. ಜಲನಗರದ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಎಲ್ಲರೂ ಫ್ಯಾನಿನ ಕೆಳಗೆ ಅಡ್ಡಾಗಿದ್ದರು. ಅಕ್ಕನ ಮಗಳು ಮಾತ್ರ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಏನು ಆಡ್ತಿದ್ದೀಯ ಅಂತ ಕೇಳಿದೆ. ತಿರುಗಿ ಕೂಡ ನೋಡಲಿಲ್ಲ.

"ಮಾಮಾ, ಈಗ ಮಾತಾಡ್ಸಬ್ಯಾಡ್ರಿ. ಆಕಿ ಮನಿ ಸೇರೂದ್ರಾಗ ಹೂವ ಕೊಡಬೇಕು."

'ಆಕಿ' ಅಂದರೆ ಹೇಲಿ. ಸ್ಟಾರ್ಡ್ಯೂ ವ್ಯಾಲಿ ಎಂಬ ಆಟದ ಹುಡುಗಿ. ಕೈಯಲ್ಲಿದ್ದದ್ದು ಒಂದು ಡ್ಯಾಫೊಡಿಲ್ ಹೂ. ಕಷ್ಟಪಟ್ಟು ಓಡಿ, ಹೂ ಕೊಟ್ಟು, ಉಸಿರು ಬಿಟ್ಟಳು. ಮೂರು ದಿನ ಬಿಟ್ಟು ನೋಡಿದರೆ ಅಕ್ಕನ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಆಟದಲ್ಲಿ ಹೂವಿನ ಹಬ್ಬ ಬಂದಿತ್ತು. ಜೋಡಿಯಾಗಿ ಕುಣಿಯೋಣ ಬಾ ಅಂತ ಹೇಲಿಯನ್ನು ಕರೆದರೆ, ಅವಳು ಮುಖ ಸಿಂಡರಿಸಿ ಇಲ್ಲ ಅಂದುಬಿಟ್ಟಿದ್ದಳು. ಊರವರೆಲ್ಲ ಜೋಡಿ ಜೋಡಿಯಾಗಿ ಕುಣಿಯುತ್ತಿದ್ದರೆ ನಮ್ಮ ಹುಡುಗಿ ಪಕ್ಕದಲ್ಲಿ ಸುಮ್ನೆ ನಿಂತು ನೋಡಬೇಕಾಯಿತು.

"ಇಷ್ಟ ಹೂವ ಕೊಟ್ಟೀನಿ, ಆದ್ರೂ ಯಾಕ ಒಲ್ಲೆ ಅಂದ್ಲು?" ಅನ್ನುವುದು ಅವಳ ಪ್ರಶ್ನೆ. ಇದಕ್ಕೆ ಉತ್ತರ ಇದೆ. ಲೆಕ್ಕ ಹಾಕಿ ತೋರಿಸುವಂಥ ಉತ್ತರ. ಆ ಲೆಕ್ಕ ತಿಳಿದರೆ ಈ ಜಾತಿಯ ಆಟಗಳೆಲ್ಲ ಹೇಗೆ ನಡೆಯುತ್ತವೆ ಅನ್ನುವುದು ಹೆಚ್ಚುಕಡಿಮೆ ತಿಳಿದ ಹಾಗೆ.

ಮೊದಲು ಆಟದ ಪರಿಚಯ ಎರಡು ಮಾತಿನಲ್ಲಿ. ಸ್ಟಾರ್ಡ್ಯೂ ವ್ಯಾಲಿ ಬಂದದ್ದು 2016ರಲ್ಲಿ. ಎರಿಕ್ ಬರೋನ್ ಎಂಬ ಅಮೆರಿಕದ ಹುಡುಗ ಒಬ್ಬನೇ ಕೂತು, ಚಿತ್ರ, ಸಂಗೀತ, ಕತೆ, ಕೋಡು ಎಲ್ಲವನ್ನೂ ವರ್ಷಗಟ್ಟಲೆ ಮಾಡಿದ ಆಟ. ಅಜ್ಜ ಬಿಟ್ಟುಹೋದ ಹೊಲಕ್ಕೆ ನೀವು ಬರುತ್ತೀರಿ. ಬಿತ್ತುತ್ತೀರಿ, ನೀರು ಹಾಕುತ್ತೀರಿ, ಮೀನು ಹಿಡಿಯುತ್ತೀರಿ. ಪಕ್ಕದ ಊರಿನ ಜನರ ಪರಿಚಯ ಮಾಡಿಕೊಳ್ಳುತ್ತೀರಿ. ಅವರಲ್ಲಿ ಹನ್ನೆರಡು ಮಂದಿಯನ್ನು ಪ್ರೀತಿಸಬಹುದು, ಅದರಲ್ಲಿ ಒಬ್ಬರನ್ನು ಮದುವೆಯಾಗಬಹುದು.

ಪ್ರತಿಯೊಬ್ಬರ ಹೆಸರಿನ ಮುಂದೆ ಹತ್ತು ಖಾಲಿ ಹೃದಯಗಳಿರುತ್ತವೆ. ಸ್ನೇಹ ಬೆಳೆದಂತೆ ಒಂದೊಂದಾಗಿ ತುಂಬುತ್ತವೆ. ಪರದೆಯ ಮೇಲೆ ಕಾಣುವುದು ಇಷ್ಟೇ. ಹಿಂದೆ ನಡೆಯುವ ಲೆಕ್ಕ ಕಾಣುವುದಿಲ್ಲ. ಒಂದು ಹೃದಯ ಅಂದರೆ 250 ಪಾಯಿಂಟ್. 249 ಆದರೂ ಹೃದಯ ಖಾಲಿಯೇ. ನಮ್ಮ ಹುಡುಗಿ ಮೋಸ ಹೋಗಿದ್ದು ಇಲ್ಲೇ.

ಪಾಯಿಂಟು ಬರುವ ದಾರಿಗಳು ನೋಡಿ. ದಿನಕ್ಕೊಮ್ಮೆ ಮಾತಾಡಿಸಿದರೆ 20. ಉಡುಗೊರೆ ಕೊಟ್ಟರೆ, ಅದು ಅವರಿಗೆ ಪ್ರಾಣ ಅನ್ನುವಂಥದ್ದಾದರೆ 80, ಇಷ್ಟವಾಗುವಂಥದ್ದಾದರೆ 45, ಹಾಗೂ ಇಲ್ಲ ಹೀಗೂ ಇಲ್ಲ ಅನ್ನುವಂಥದ್ದಾದರೆ 20. ಇಷ್ಟವಿಲ್ಲದ್ದು ಕೊಟ್ಟರೆ 20 ಕಳೆಯುತ್ತದೆ. ದ್ವೇಷಿಸುವಂಥದ್ದು ಕೊಟ್ಟರೆ 40 ಹೋಯಿತು. ಹುಟ್ಟುಹಬ್ಬದ ದಿನ ಕೊಟ್ಟ ಉಡುಗೊರೆಗೆ ಎಂಟು ಪಟ್ಟು. ಆದರೆ ಒಬ್ಬರಿಗೆ ದಿನಕ್ಕೆ ಒಂದು, ವಾರಕ್ಕೆ ಎರಡೇ ಉಡುಗೊರೆ. ಎರಡನ್ನೂ ಕೊಟ್ಟರೆ ಮೇಲೆ 10 ಪಾಯಿಂಟ್ ಸಿಗುತ್ತದೆ. ಮಾತಾಡಿಸದೆ ಬಿಟ್ಟ ದಿನ 2 ಪಾಯಿಂಟ್ ಇಳಿಯುತ್ತದೆ.

ಯಾರಿಗೆ ಏನು ಇಷ್ಟ ಅಂತ ಆಟ ಮೊದಲೇ ಹೇಳುವುದಿಲ್ಲ. ಆಟದಲ್ಲಿ ಪ್ರಿಸ್ಮ್ಯಾಟಿಕ್ ಶಾರ್ಡ್ ಅಂತ ಒಂದು ಹರಳು ಇದೆ. ಸಿಗುವುದೇ ಅಪರೂಪ. ಊರಲ್ಲಿ ಯಾರಿಗೆ ಕೊಟ್ಟರೂ ಕುಣಿದಾಡುತ್ತಾರೆ, ಹೇಲಿ ಒಬ್ಬಳನ್ನು ಬಿಟ್ಟು. ಅವಳಿಗೆ ಅದು ಕಂಡರಾಗುವುದಿಲ್ಲ. ಅವಳ ಪ್ರಾಣ ಇರುವುದು ಸೂರ್ಯಕಾಂತಿ ಹೂವಿನಲ್ಲಿ. ಇದನ್ನು ಕೇಳಿ ನನಗೆ ನಗು ಬಂತು. ನಮ್ಮ ಕಡೆ ರೈತರು ಎಣ್ಣೆಗೆ ಅಂತ ಬೆಳೆಯುವ ಸೂರ್ಯಕಾಂತಿಯನ್ನು ಯಾವ ಹುಡುಗಿಗೂ ಕೊಟ್ಟದ್ದು ನಾನು ಕಂಡಿಲ್ಲ.

ಆದರೆ ಆಟದಲ್ಲಿ ಸೂರ್ಯಕಾಂತಿ ಬೆಳೆಯುವುದು ಬೇಸಿಗೆ ಮತ್ತು ಶರತ್ಕಾಲದಲ್ಲಿ. ಆಟ ಶುರುವಾಗುವುದು ವಸಂತದಲ್ಲಿ. ಆಗ ಬಯಲಲ್ಲಿ ಪುಕ್ಕಟೆ ಸಿಗುವುದು ಡ್ಯಾಫೊಡಿಲ್. ಅದು ಹೇಲಿಗೆ 'ಇಷ್ಟ', ಪ್ರಾಣ ಅಲ್ಲ. ಅಂದರೆ 45.

ಈಗ ಲೆಕ್ಕಕ್ಕೆ ಬರೋಣ. ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಯಾವ ದಿನ ಏನು ಮಾಡಿದಿ ಅಂತ ಕೇಳುತ್ತ ಬರೆದೆ. ಹೇಲಿಯ ಹುಟ್ಟುಹಬ್ಬ ವಸಂತದ 14ನೇ ತಾರೀಖು. ಅದಕ್ಕೂ ಮುಂಚಿನ 13 ದಿನಗಳಲ್ಲಿ ಇವಳು ಹೇಲಿಯನ್ನು ಮಾತಾಡಿಸಿದ್ದು 8 ದಿನ. ಅದು 160. ಬಿಟ್ಟ 5 ದಿನಕ್ಕೆ 10 ಕಳೆದು 150. ವಾರಕ್ಕೊಂದರಂತೆ ಎರಡು ಡ್ಯಾಫೊಡಿಲ್, ಅದು 90. ಒಟ್ಟು 240. ಎರಡು ವಾರ ಓಡಾಡಿಯೂ ಒಂದು ಹೃದಯ ಕೂಡ ತುಂಬಿರಲಿಲ್ಲ, 10 ಪಾಯಿಂಟ್ ಕಡಿಮೆ ಇತ್ತು.

14ರಂದು ಹುಟ್ಟುಹಬ್ಬ ನೆನಪಿಟ್ಟು ಡ್ಯಾಫೊಡಿಲ್ ಕೊಟ್ಟಳು. 45ರ ಎಂಟು ಪಟ್ಟು, 360. ಮಾತಾಡಿಸಿದ್ದಕ್ಕೆ 20. ಒಂದೇ ದಿನದಲ್ಲಿ 240 ಇದ್ದದ್ದು 620 ಆಯಿತು. ಎರಡು ಹೃದಯ ಒಟ್ಟಿಗೆ ತುಂಬಿದವು. ಎರಡು ಹೃದಯವಾದರೆ ಹೇಲಿಯ ಕೋಣೆಯ ಬಾಗಿಲೂ ತೆಗೆಯುತ್ತದೆ. ಆ ದಿನ ಇವಳಿಗೆ ಎಲ್ಲ ಗೆದ್ದ ಹಾಗೆ ಅನಿಸಿರಬೇಕು.

ಹೂವಿನ ಹಬ್ಬ ಇರುವುದು 24ಕ್ಕೆ. ಜೋಡಿಯಾಗಿ ಕುಣಿಯಬೇಕು ಅಂದರೆ ನಾಲ್ಕು ಹೃದಯ ಬೇಕು, ಅಂದರೆ 1000 ಪಾಯಿಂಟ್. 15ರಿಂದ 23ರವರೆಗೆ ಒಂದು ದಿನವೂ ತಪ್ಪದೆ ಮಾತಾಡಿಸಿದಳು. 9 ದಿನಕ್ಕೆ 180. ಒಟ್ಟು 800. ಹುಟ್ಟುಹಬ್ಬದ ವಾರದಲ್ಲಿ ಇನ್ನೊಂದು, ಮುಂದಿನ ವಾರದಲ್ಲಿ ಎರಡು, ಹೀಗೆ ಮೂರು ಡ್ಯಾಫೊಡಿಲ್ ಕೊಟ್ಟಳು. 135 ಸೇರಿ 935. ಹುಟ್ಟುಹಬ್ಬದ ವಾರ ಎರಡು ಉಡುಗೊರೆ ಮುಗಿಸಿದ್ದಕ್ಕೆ 10, ಮುಂದಿನ ವಾರ ಇನ್ನೂ ಮುಗಿದಿರಲಿಲ್ಲ. ಒಟ್ಟು 945.

ಇನ್ನು 55 ಬೇಕಿತ್ತು. ಪರದೆಯ ಮೇಲೆ ಮೂರು ಹೃದಯ ಕಾಣುತ್ತಿತ್ತು. ನಾಲ್ಕನೆಯದು ಎಷ್ಟು ಹತ್ತಿರ ಇದೆ ಅಂತ ಗೊತ್ತಾಗುವ ಹಾಗಿರಲಿಲ್ಲ.

ಎಲ್ಲಿ ತಪ್ಪಿತು? ಹೂವಿನಲ್ಲಿ ಅಲ್ಲ. ಮೊದಲ ಎರಡು ವಾರದಲ್ಲಿ ಮಾತಾಡಿಸದೆ ಬಿಟ್ಟ ಆ ಐದು ದಿನಗಳಲ್ಲಿ. ದಿನಕ್ಕೆ 20 ಬರಬೇಕಾದದ್ದು ಬರಲಿಲ್ಲ, ಮೇಲೆ 2 ಹೋಯಿತು. ಐದು ದಿನಕ್ಕೆ 110. ಅವು ಇದ್ದಿದ್ದರೆ 1055 ಆಗುತ್ತಿತ್ತು, ಹೇಲಿ ಕುಣಿಯುತ್ತಿದ್ದಳು. ಕಾಗದದಲ್ಲಿ ಇದನ್ನು ನೋಡಿದಾಗ ಹುಡುಗಿ ಹಣೆ ಚಚ್ಚಿಕೊಂಡಳು.

"ಆ ಐದ್ ದಿನ ನಾ ಏನ್ ಮಾಡಾಕತ್ತಿದ್ದೆ?"

ಇದು ಬಹಳ ಒಳ್ಳೆಯ ಪ್ರಶ್ನೆ. ಯಾಕೆಂದರೆ ಹೃದಯದ ಮೀಟರಿನ ಕತೆ ಅರ್ಧವೇ. ಇನ್ನರ್ಧ ಗಡಿಯಾರದ್ದು.

ಸ್ಟಾರ್ಡ್ಯೂದಲ್ಲಿ ಬೆಳಿಗ್ಗೆ 6ಕ್ಕೆ ಏಳುತ್ತೀರಿ. ರಾತ್ರಿ 2ರ ಒಳಗೆ ಮಲಗಬೇಕು, ಇಲ್ಲದಿದ್ದರೆ ಇದ್ದಲ್ಲೇ ಕುಸಿದು ಬೀಳುತ್ತೀರಿ. ಆಟದ ಹತ್ತು ನಿಮಿಷ ಅಂದರೆ ನಮ್ಮ ಸುಮಾರು 7 ಸೆಕೆಂಡು. ಇಡೀ ದಿನ ಸುಮಾರು 14 ನಿಮಿಷದಲ್ಲಿ ಮುಗಿಯುತ್ತದೆ. ಒಂದು ಚಹಾ ತರಿಸಿ, ಆರಿಸಿ, ಕುಡಿದು, ಬಿಲ್ಲು ಕೊಡುವಷ್ಟು ಹೊತ್ತು. ಇದರ ಜೊತೆ ಮೈಯಲ್ಲಿ ಶಕ್ತಿ ಕೂಡ ಮಿತ. ಶುರುವಿನಲ್ಲಿ 270. ಒಂದೊಂದು ಸಲ ಗುದ್ದಲಿ ಎತ್ತಿದಾಗಲೂ, ನೀರು ಹಾಕಿದಾಗಲೂ ಕಡಿಮೆಯಾಗುತ್ತದೆ.

ಆ 14 ನಿಮಿಷದಲ್ಲಿ ಬೆಳೆಗೆ ನೀರು ಹಾಕಬೇಕು. ಅಂಗಡಿಗೆ ಹೋಗಬೇಕು. ಪಿಯರ್ ಎಂಬವನ ಅಂಗಡಿ ತೆರೆಯುವುದು 9ಕ್ಕೆ, ಮುಚ್ಚುವುದು 5ಕ್ಕೆ. ಬುಧವಾರ ರಜೆ. ಬುಧವಾರ ಬೀಜ ಬೇಕು ಅಂತ ಓಡಿಹೋಗಿ ಮುಚ್ಚಿದ ಬಾಗಿಲ ಮುಂದೆ ನಿಲ್ಲದ ಆಟಗಾರ ಇಲ್ಲವೇ ಇಲ್ಲ. ಇದು ಗೊತ್ತಾದ ಮೇಲೆ ಊರಿನ ಜನರನ್ನು ಹುಡುಕುವ ಕೆಲಸ. ಅವರು ಗೊಂಬೆಗಳ ಹಾಗೆ ಒಂದೇ ಕಡೆ ನಿಂತಿರುವುದಿಲ್ಲ. ಅವರಿಗೂ ದಿನಚರಿ ಇದೆ. ಹೇಲಿ ಬೆಳಿಗ್ಗೆ ಮನೆಯಲ್ಲಿರುತ್ತಾಳೆ. ಆಮೇಲೆ ಕ್ಯಾಮೆರಾ ಹಿಡಿದು ಊರಲ್ಲಿ ಓಡಾಡುತ್ತಾಳೆ, ಸಾಮಾನ್ಯವಾಗಿ ಕಾರಂಜಿಯ ಹತ್ತಿರ. ಸಂಜೆಗೆ ಮನೆ. ಮಳೆ ಬಂದರೆ ಮನೆ ಬಿಟ್ಟು ಹೊರಡುವುದಿಲ್ಲ. ರಾತ್ರಿ ಮನೆ ಬಾಗಿಲು ಹಾಕಿರುತ್ತದೆ.

ಹೊಲ ಊರಾಚೆ. ಅಲ್ಲಿಂದ ಊರಿಗೆ ನಡೆದು ಬರಲೇ ಹೊತ್ತು ಹಿಡಿಯುತ್ತದೆ. ನಮ್ಮ ಹುಡುಗಿ ಆ ಐದು ದಿನ ಹೊಲದಲ್ಲೋ ಗಣಿಯಲ್ಲೋ ಕಳೆದಿರಬೇಕು. ಊರಿಗೆ ಬರುವಷ್ಟರಲ್ಲಿ ಹೇಲಿ ಒಳಗೆ ಸೇರಿರುತ್ತಾಳೆ. ಅಥವಾ ಸುಮ್ನೆ ನೆನಪೇ ಆಗಿರಲಿಕ್ಕಿಲ್ಲ. ಯಾವುದೋ ಒಂದು ಬೆಳೆ ಆ ಐದು ದಿನ ನೀರು ಕಂಡಿತು, ಹೇಲಿ ಕಾಣಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಈ ಆಟಗಳ ಕೀಲಿ ಇಲ್ಲಿದೆ. ಮೀಟರ್ ಒಂದೇ ಇದ್ದಿದ್ದರೆ ಇದರಲ್ಲಿ ಏನೂ ಇಲ್ಲ. ನೂರು ಸಲ ಗುಂಡಿ ಒತ್ತಿ, ಹೃದಯ ತುಂಬಿಸಿ, ಮುಗಿಸಬಹುದು. ಗಡಿಯಾರ ಬಂದ ಕೂಡಲೇ ಪ್ರತಿ ಹೂವಿಗೂ ಬೆಲೆ ಹತ್ತುತ್ತದೆ. ಹೇಲಿಯನ್ನು ಕಾರಂಜಿಯ ಹತ್ತಿರ ಹುಡುಕಿಕೊಂಡು ಹೋದಿರಿ ಅಂದರೆ, ಆ ದಿನ ಗಣಿಗೆ ಇಳಿಯಲಿಲ್ಲ ಅಂತ ಅರ್ಥ. ಆಟಕ್ಕೆ ಪ್ರೀತಿ ಅಂದರೆ ಏನು ಅಂತ ಗೊತ್ತಿಲ್ಲ. ನೀವು ಯಾವ ಕೆಲಸ ಬಿಟ್ಟು ಬಂದಿರಿ ಅನ್ನುವುದು ಮಾತ್ರ ನಿಮಗೆ ಗೊತ್ತಿರುತ್ತದೆ. ಸಂಖ್ಯೆಗೆ ಭಾವನೆ ತುಂಬುವವರು ನೀವೇ.

ಇದನ್ನು ಮೊದಲು ಚೆನ್ನಾಗಿ ಹಿಡಿದವರು ಜಪಾನಿನವರು. 1994ರಲ್ಲಿ ಕೊನಾಮಿ ಕಂಪನಿ ಟೊಕಿಮೆಕಿ ಮೆಮೋರಿಯಲ್ ಅಂತ ಒಂದು ಆಟ ತಂದಿತು. ಮೂರು ವರ್ಷದ ಹೈಸ್ಕೂಲು. ವಾರದ ದಿನಗಳಲ್ಲಿ ಏನು ಮಾಡಬೇಕು ಅಂತ ನೀವು ಆರಿಸುತ್ತೀರಿ. ಓದು, ಕಲೆ, ವ್ಯಾಯಾಮ, ಅಂದಚಂದ, ಹೀಗೆ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಜಾಸ್ತಿ ದುಡಿದರೆ ಒತ್ತಡ ಏರಿ ಕಾಯಿಲೆ ಬೀಳುತ್ತೀರಿ. ಭಾನುವಾರ ಯಾರನ್ನಾದರೂ ಸುತ್ತಾಡಲು ಕರೆಯಬಹುದು. ಮೂರು ವರ್ಷದ ಕೊನೆಗೆ, ಪದವಿ ದಿನ, ಶಾಲೆಯ ಹಳೆಯ ಮರದ ಕೆಳಗೆ ಯಾರಾದರೂ ನಿಮಗಾಗಿ ಕಾದಿದ್ದರೆ ಗೆದ್ದಿರಿ.

ಸ್ಟಾರ್ಡ್ಯೂದಲ್ಲಿ ಮಾತಾಡಿಸದಿದ್ದರೆ ದಿನಕ್ಕೆ 2 ಪಾಯಿಂಟ್ ಇಳಿಯುತ್ತದೆ, ಅಷ್ಟೇ. ಟೊಕಿಮೆಕಿ ಅಷ್ಟು ಮೆದು ಅಲ್ಲ. ಪರಿಚಯವಾದ ಹುಡುಗಿಯನ್ನು ಬಹಳ ದಿನ ಮರೆತರೆ ಅವಳ ಹೆಸರಿನ ಪಕ್ಕ ಒಂದು ಬಾಂಬಿನ ಗುರುತು ಬರುತ್ತದೆ. ಆಗಲೂ ಸುಮ್ಮನಿದ್ದರೆ ಅದು ಸಿಡಿಯುತ್ತದೆ. ಅಂದರೆ ಅವಳು ನಿಮ್ಮ ಬಗ್ಗೆ ಊರೆಲ್ಲ ಮಾತಾಡುತ್ತಾಳೆ. ಅವಳೊಬ್ಬಳ ಮೀಟರ್ ಅಲ್ಲ, ಎಲ್ಲ ಹುಡುಗಿಯರ ಮೀಟರೂ ಇಳಿಯುತ್ತದೆ. ಹಾಗಾಗಿ ನಿಮಗೆ ಒಬ್ಬಳೇ ಬೇಕಿದ್ದರೂ ಎಲ್ಲರನ್ನೂ ಸಮಾಧಾನ ಮಾಡುತ್ತಾ ಇರಬೇಕು. ಇದ್ದ ಒಂದು ಭಾನುವಾರವನ್ನು ಬಾಂಬು ಆರಿಸಲು ಖರ್ಚು ಮಾಡಬೇಕು. ಮದುವೆ ಸೀಜನ್ನಿನಲ್ಲಿ ಒಂದೇ ದಿನ ನಾಲ್ಕು ಲಗ್ನಕ್ಕೆ ಹೋಗಿ ಅಕ್ಷತೆ ಹಾಕಿ ಬರುವ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಹೋಗದಿದ್ದರೆ ಏನಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಪರ್ಸೋನಾ ಸರಣಿಯ ಈಚಿನ ಆಟಗಳು ಗಡಿಯಾರವನ್ನು ಬೇರೆ ತರ ಕಟ್ಟಿವೆ. ಅಲ್ಲಿ ನಿಮಿಷಗಳು ಓಡುವುದಿಲ್ಲ. ಶಾಲೆ ಬಿಟ್ಟ ಮೇಲೆ ಒಂದು ಹೊತ್ತು, ರಾತ್ರಿ ಒಂದು ಹೊತ್ತು. ಒಂದು ಹೊತ್ತಿಗೆ ಒಬ್ಬ ಸ್ನೇಹಿತ, ಇಲ್ಲವೇ ಒಂದು ಪುಸ್ತಕ, ಇಲ್ಲವೇ ಒಂದು ಕೆಲಸ. ಕ್ಯಾಲೆಂಡರಿಗೆ ಕೊನೆ ಇದೆ. ಸ್ನೇಹ ಹತ್ತು ಮೆಟ್ಟಿಲು ಏರುತ್ತದೆ, ಆದರೆ ಮೊದಲ ಸಲ ಆಡುವವರಿಗೆ ಎಲ್ಲರ ಜೊತೆಯೂ ಹತ್ತು ಮೆಟ್ಟಿಲು ಏರಲು ದಿನಗಳು ಸಾಲುವುದಿಲ್ಲ. ಯಾರನ್ನು ಬಿಡಬೇಕು ಅಂತ ಯೋಚಿಸುತ್ತಾ ಕೂರುವುದೇ ಅಲ್ಲಿನ ಆಟ.

ಹಾಗಾದರೆ ಇದರಲ್ಲಿ ಮಜಾ ಏನು? ಅಕ್ಕನ ಪ್ರಶ್ನೆಯೂ ಇದೇ. ಮಗಳ ಕಡೆ ನೋಡಿ ಅವಳು ನೇರವಾಗಿಯೇ ಅಂದಳು: "ಆ ಕಂಪ್ಯೂಟರ್ ಹುಡುಗಿನ್ನ ದಿನಾ ಮಾತಾಡ್ಸ್ತಿ. ಅಜ್ಜಿಗೆ ಒಂದ್ ಫೋನ್ ಹಚ್ಚಂದ್ರ ಆಗಂಗಿಲ್ಲ ನಿನಗ."

ಮಾತು ಸರಿಯೇ. ಆದರೆ ಉತ್ತರ ಅದೇ ಮಾತಿನೊಳಗಿದೆ. ಅಜ್ಜಿಗೆ ಫೋನ್ ಮಾಡಿದರೆ 20 ಪಾಯಿಂಟ್ ಬಂತು ಅಂತ ಎಲ್ಲೂ ಕಾಣುವುದಿಲ್ಲ. ಅಜ್ಜಿಗೆ ಖುಷಿಯಾಯಿತೋ, ಇಷ್ಟು ದಿನ ಮಾಡಲಿಲ್ಲ ಅಂತ ಸಿಟ್ಟಿದೆಯೋ, ಹೇಳುವುದು ಕಷ್ಟ. ಆಟದಲ್ಲಿ ನೀವು ಮಾಡಿದ ಕೆಲಸ ದಾಖಲಾಗುತ್ತದೆ. ಹೂ ಕೊಟ್ಟರೆ ಹೇಲಿಯ ಮುಖ ಆಗಲೇ ಬದಲಾಗುತ್ತದೆ. ಹದಿಮೂರು ಹದಿನಾಲ್ಕು ವಯಸ್ಸಿನಲ್ಲಿ, ಗೆಳತಿ ಇವತ್ತು ಯಾಕೆ ಮಾತಾಡಲಿಲ್ಲ ಅಂತ ತಲೆ ಕೆಡಿಸಿಕೊಳ್ಳುವ ಹೊತ್ತಿನಲ್ಲಿ, ನಿಯಮ ಗೊತ್ತಿರುವ ಒಂದು ಊರು ಸಿಕ್ಕರೆ ಎಷ್ಟು ಹಾಯ್ ಅನಿಸುತ್ತದೆ ಅಂತ ಊಹಿಸಬಹುದು.

ಅದಕ್ಕಿಂತ ದೊಡ್ಡ ಕಾರಣ ನನ್ನ ಪ್ರಕಾರ ಇನ್ನೊಂದಿದೆ. ಹೃದಯ ತುಂಬಿದಾಗ ಸಿಗುವುದು ಹಣ ಅಲ್ಲ, ಒಂದು ಸಣ್ಣ ಕತೆ. ಎರಡು, ನಾಲ್ಕು, ಆರು, ಹೀಗೆ ಹೃದಯಗಳು ತುಂಬಿದಂತೆ ಒಂದೊಂದು ದೃಶ್ಯ ತೆರೆದುಕೊಳ್ಳುತ್ತದೆ. ಹೇಲಿಗೆ ನಾಲ್ಕು ಹೃದಯವಾದ ಮೇಲೆ ಅವಳ ಮನೆಗೆ ಹೋದರೆ, ಅವಳು ಒಂದು ಜಾಡಿಯ ಮುಚ್ಚಳ ತೆಗೆಯಲಾರದೆ ಒದ್ದಾಡುತ್ತಿರುತ್ತಾಳೆ. ನೀವು ತೆಗೆದುಕೊಡುತ್ತೀರಿ. ಇಷ್ಟೇ. ಆದರೆ ಮೊದಲ ದಿನ ನಿಮ್ಮ ಬಟ್ಟೆ ನೋಡಿ ಮೂಗು ಮುರಿದವಳು ಇವಳೇ. ಮುಚ್ಚಳ ತೆಗೆದುಕೊಟ್ಟದ್ದು ದೊಡ್ಡ ಸಂಗತಿ ಅನಿಸುವುದು, ಅಲ್ಲಿಗೆ ತಲುಪಲು ಎರಡು ಮೂರು ವಾರ ಹೂ ಹಿಡಿದು ಓಡಿದ್ದೀರಿ ಅನ್ನುವ ಕಾರಣಕ್ಕೆ. ಸೀದಾ ತೋರಿಸಿದ್ದರೆ ಯಾರೂ ನೋಡುತ್ತಿರಲಿಲ್ಲ.

ಇನ್ನು 'ಇನ್ನೊಂದೇ ದಿನ ಆಡಿ ಏಳ್ತೀನಿ' ಅನ್ನುವ ರೋಗ. ಎಲ್ಲ ತಾಯಂದಿರಿಗೂ ಗೊತ್ತಿರುವ ಮಾತು. ಸ್ಟಾರ್ಡ್ಯೂದಲ್ಲಿ ಆಟ ಸೇವ್ ಆಗುವುದು ಹಾಸಿಗೆಯಲ್ಲಿ ಮಲಗಿದಾಗ ಮಾತ್ರ. ದಿನದ ಮಧ್ಯೆ ಆಟ ಮುಚ್ಚಿ ಊಟಕ್ಕೆ ಬಂದರೆ ಆ ದಿನ ಹೋಯಿತು. ಸರಿ, ಮಲಗಿಸಿದಿರಿ. ಇವತ್ತು ಎಷ್ಟು ಗಳಿಸಿದಿರಿ ಅಂತ ಪಟ್ಟಿ ಬರುತ್ತದೆ. ಅದು ಮುಗಿಯುತ್ತಿದ್ದಂತೆ ಮರುದಿನ ಬೆಳಗಾಗಿರುತ್ತದೆ. ಆ ಬೆಳೆ ಬಂದಿದೆಯಾ ನೋಡೋಣ ಅಂತ ಹೊರಗೆ ಕಾಲಿಟ್ಟಿರಿ. ಹೊಸ ದಿನ ಶುರುವಾಗಿಯೇ ಹೋಯಿತು. ಎದ್ದೇಳಬೇಕಾದ ಜಾಗದಲ್ಲೇ ಮುಂದಿನ ಆಸೆಯನ್ನು ಇಟ್ಟಿದ್ದಾರೆ. ಅಕ್ಕನಿಗೆ ನಾನು ಹೇಳಿದ ಒಂದೇ ಉಪಾಯ: ಊಟಕ್ಕೆ ಕರೆಯುವಾಗ ಹದಿನೈದು ನಿಮಿಷ ಮುಂಚೆ ಕರಿ, ಮಲಗಿಸಿದ ಕೂಡಲೇ ಏಳು ಅನ್ನು. ಜಗಳ ಕಡಿಮೆಯಾಗಿದೆ, ನಿಂತಿಲ್ಲ.

ಇದರಲ್ಲಿ ಕೆಟ್ಟದ್ದೂ ಇದೆ. ಲೆಕ್ಕ ಒಮ್ಮೆ ಗೊತ್ತಾದರೆ ಮನುಷ್ಯರು ಮಾಯವಾಗಿ ಬರೀ ಪಾಯಿಂಟು ಉಳಿಯುತ್ತದೆ. ಇದು ನನಗೇ ಆಗಿದೆ. ಮೂರನೇ ಸಲ ಆಡುವಾಗ ಎಲ್ಲರ ಹುಟ್ಟುಹಬ್ಬ, ಇಷ್ಟ, ದಿನಚರಿ ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಕೆಲವು ದಿನಕ್ಕೆ ಯಾರು ಏನು ಹೇಳಿದರು ಅಂತ ಓದುವುದನ್ನೇ ಬಿಟ್ಟಿದ್ದೆ. ಗುಂಡಿ ಒತ್ತಿ ಮಾತು ದಾಟಿಸುವುದು, ಮುಂದಿನ ಮನೆಗೆ ಓಡುವುದು. ಆಫೀಸಿನಲ್ಲಿ ಮಾಡುವ ಕೆಲಸವನ್ನೇ ಮನೆಗೆ ಬಂದು ಮಾಡುತ್ತಿದ್ದೆ. ಮಾತನ್ನು ಓದದೆ ದಾಟಿಸುವುದು ಶುರುವಾಯಿತು ಅಂದರೆ ಆಟ ಕೈಬಿಟ್ಟಿತು ಅಂತಲೇ ತಿಳಿಯಿರಿ. ಅದು ನಾಣ್ಯ ಹಾಕಿದರೆ ಪ್ರೀತಿ ಬೀಳುವ ಯಂತ್ರವಾಗಿರುತ್ತದೆ.

ಮಾಡಿದವರಿಗೂ ಈ ದೋಷ ಗೊತ್ತು ಅಂತ ಕಾಣುತ್ತದೆ. ಸ್ಟಾರ್ಡ್ಯೂದಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಪ್ರೀತಿಯ ಹೂಗುಚ್ಛ ಕೊಡಬಹುದು. ತಡೆಯುವವರಿಲ್ಲ. ಆದರೆ ಮದುವೆಯಾಗದೆ ಎಲ್ಲ ಹುಡುಗಿಯರಿಗೂ ಗುಚ್ಛ ಕೊಟ್ಟು, ಎಲ್ಲರ ಹತ್ತೂ ಹೃದಯ ತುಂಬಿಸಿ, ಎಲ್ಲರ ಕತೆಯನ್ನೂ ನೋಡಿ ಮುಗಿಸಿದರೆ, ಒಂದು ದಿನ ಅವರೆಲ್ಲ ಒಟ್ಟಿಗೆ ಕೂತು ನಿಮಗೆ ಸರಿಯಾಗಿ ಮಂಗಳಾರತಿ ಎತ್ತುತ್ತಾರೆ. ಆಮೇಲೆ ಒಂದು ವಾರ ಯಾರೂ ಸರಿಯಾಗಿ ಮಾತಾಡುವುದಿಲ್ಲ. ಜೇಬಿನಲ್ಲಿ ಮೊಲದ ಕಾಲು ಇದ್ದರೆ ಮಾತ್ರ ಬಚಾವು. ಅದು ಅದೃಷ್ಟದ ವಸ್ತು ಅಂತೆ.

ನಮ್ಮ ಹುಡುಗಿಯ ಕತೆ ಎಲ್ಲಿಗೆ ಬಂತು ಅಂತ ಹೇಳಿಬಿಡುತ್ತೇನೆ. ಹಬ್ಬದಲ್ಲಿ ಅವಮಾನವಾದ ಮೇಲೆ ಅವಳು ಹಠಕ್ಕೆ ಬಿದ್ದಳು. ಬೇಸಿಗೆಯ ಮೊದಲ ದಿನವೇ ಸೂರ್ಯಕಾಂತಿ ಬಿತ್ತಿದಳು. ನಮ್ಮ ಹೊಲದಲ್ಲಿ ಮೂರು ತಿಂಗಳು ಬೇಕಾಗುವ ಬೆಳೆ ಅಲ್ಲಿ 8 ದಿನಕ್ಕೆ ಬರುತ್ತದೆ. ಎರಡು ಡ್ಯಾಫೊಡಿಲ್ ಕೊಟ್ಟ ವಾರ ಒಂದು ದಿನವೂ ಬಿಡದೆ ಮಾತಾಡಿಸಿದರೂ 240 ಪಾಯಿಂಟ್ ಸಿಗುತ್ತಿತ್ತು. ಎರಡು ಸೂರ್ಯಕಾಂತಿ ಕೊಟ್ಟ ವಾರ 310. ಕೆಲವು ಹೂಗಳನ್ನು ಪೆಟ್ಟಿಗೆಯಲ್ಲಿ ಎತ್ತಿಟ್ಟಳು, ಮುಂದಿನ ವಸಂತದ ಹುಟ್ಟುಹಬ್ಬಕ್ಕೆ. ಹೇಲಿ ಹುಟ್ಟಿದ್ದು ಸೂರ್ಯಕಾಂತಿ ಬಿಡದ ಕಾಲದಲ್ಲಿ. ಹಾಗಾಗಿ ಆ ಹೂ ಕೊಡಬೇಕು ಅಂದರೆ ಹಿಂದಿನ ವರ್ಷವೇ ನೆನಪಿರಬೇಕು. ಚಿನ್ನದ ನಕ್ಷತ್ರವಿರುವ ಒಳ್ಳೆಯ ಹೂವಾದರೆ 80 ಅಲ್ಲ, 100. ಎಂಟು ಪಟ್ಟಾದರೆ 800. ಒಂದೇ ಹೂವಿಗೆ ಮೂರು ಹೃದಯ ಮತ್ತು ಸ್ವಲ್ಪ.

ಎಂಟು ಹೃದಯಕ್ಕೆ ಮೀಟರ್ ನಿಂತುಬಿಡುತ್ತದೆ. ಸ್ನೇಹದ ಮಿತಿ ಅಷ್ಟೇ. ಮುಂದೆ ಹೋಗಬೇಕಾದರೆ ಪಿಯರ್ ಅಂಗಡಿಯಲ್ಲಿ ಹೂಗುಚ್ಛ ಕೊಂಡು ಕೊಡಬೇಕು. ಮನಸ್ಸಿನಲ್ಲಿರುವುದನ್ನು ಹೇಳಿದ ಹಾಗೆ. ಇವಳು ಹೋದ ದಿನ ಬುಧವಾರವಾಗಿತ್ತು, ಬೇರೆ ಏನು ಆಗಲು ಸಾಧ್ಯ? ಮರುದಿನ ತಂದುಕೊಟ್ಟಳು. ಹತ್ತೂ ಹೃದಯ ತುಂಬಿದವು.

ಆಮೇಲೆ ಮದುವೆ. ಅದಕ್ಕೆ ಮತ್ಸ್ಯಕನ್ಯೆಯ ಪದಕ ಅಂತ ಒಂದು ಬೇಕು, 5000 ನಾಣ್ಯ. ಮೊದಲು ಮನೆ ಒಂದು ಸಲ ದೊಡ್ಡದು ಮಾಡಿಸಿರಬೇಕು. ಕಡಲ ತೀರದ ಮುರಿದ ಸೇತುವೆಯನ್ನು 300 ಕಟ್ಟಿಗೆ ಹಾಕಿ ಕಟ್ಟಿರಬೇಕು. ಸೇತುವೆಯಾಚೆ ಒಬ್ಬ ಮುದುಕ ನಾವಿಕ ಪದಕ ಮಾರುತ್ತಾನೆ, ಮಳೆ ಬಂದ ದಿನ ಮಾತ್ರ. ನಮ್ಮ ಕಡೆ ಮಳೆ ಬರಲಿ ಅಂತ ಕತ್ತೆಗಳ ಮದುವೆ ಮಾಡಿಸುತ್ತಾರೆ. ಇಲ್ಲಿ ಮದುವೆಯಾಗಲಿ ಅಂತ ಮಳೆಯ ದಾರಿ ಕಾಯಬೇಕು. ದುಡ್ಡಿದೆ, ಮನೆ ಇದೆ, ಹತ್ತೂ ಹೃದಯ ಇದೆ, ಮೋಡ ಇಲ್ಲ. ಗಡಿಯಾರದ ಕೊನೆಯ ಆಟ ಇದು.

ಹೊಲದ ಮನೆಯಲ್ಲಿ ಒಂದು ಟಿವಿ ಇದೆ, ನಾಳೆಯ ಹವಾಮಾನ ಹೇಳುತ್ತದೆ. ನಾಲ್ಕು ದಿನದಿಂದ ಇವಳು ಎದ್ದ ಕೂಡಲೇ ಅದನ್ನೇ ಹಾಕುತ್ತಿದ್ದಳು. ನಿನ್ನೆ ಸಂಜೆ ನಾನು ಹೊರಡುವ ಹೊತ್ತಿಗೆ ಒಳಗಿನಿಂದ ಚೀರಿದಳು.

"ಮಾಮಾ! ನಾಳೆ ಮಳಿ!"

ಅಕ್ಕ ಅಡುಗೆ ಮನೆಯಿಂದ ಕೈ ಒರೆಸಿಕೊಳ್ಳುತ್ತಾ ಗಾಬರಿಯಲ್ಲಿ ಬಂದಳು.

"ಎಲ್ಲೆ, ನಮ್ಮಲ್ಲೇನು?"

"ಇಲ್ಲವ್ವಾ, ಆಟದಾಗ."

"ಹಂಗಾದ್ರ ಸಂಡಿಗಿ ಮಾಳಗಿ ಮ್ಯಾಲ ಇರ್ಲಿ ಬಿಡು," ಅಂದು ಅಕ್ಕ ಒಳಗೆ ಹೋದಳು.